ಪಂಚಮಿಗೆ ಕರೆ ಬಾರದ ಗೆಳತಿಗೆ

ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ನಾಗರ ಅಮಾವಾಸ್ಯೆ ಸಮೀಪಿಸಿತೆಂದರೆ ಹುಬ್ಬಳ್ಳಿ, ಧಾರವಾಡ, ಗದಗಿನ ಬಸ್‌ಸ್ಟ್ಯಾಂಡುಗಳಲ್ಲೇ ಅದು ಕಾಣುತ್ತದೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಬಟ್ಟೆಯ ಚೀಲ, ಪಕ್ಕದಲ್ಲಿ ಕರೆಯಲು ಬಂದ ಅಣ್ಣನೋ ತಮ್ಮನೋ. ತವರಿನಿಂದ ಒಬ್ಬರು ಬಂದು ಕರೆದುಕೊಂಡು ಹೋಗುವುದೇ ಇಲ್ಲಿ ಹಬ್ಬದ ಅರ್ಧ ಪಾಲು. ಬರಲು ಆಗದಿದ್ದರೆ ಕೊಬ್ಬರಿ ಬಟ್ಟಲು, ಕುಪ್ಪಸದ ಖಣ, ಉಂಡಿಯ ಡಬ್ಬಿಯಾದರೂ ಬರಬೇಕು. ಹೀಗಾಗಿ ಯಾರಿಗೆ ಕರೆ ಬಂತು, ಯಾರಿಗೆ ಬರಲಿಲ್ಲ ಎಂಬುದು ಓಣಿಗೆಲ್ಲ ತಿಳಿಯುತ್ತದೆ. ದೀಪಾವಳಿಯಲ್ಲಾದರೆ ಮನೆಯಲ್ಲೇ ನಾಲ್ಕು ಹಣತೆ ಹಚ್ಚಿಕೊಂಡು ಕೂತರೆ ಯಾರೂ ಏನೂ ಕೇಳುವುದಿಲ್ಲ. ಪಂಚಮಿಯಲ್ಲಿ ಹಾಗಲ್ಲ. ಹಾಲು ಹಾಕುವವನಿಂದ ಹಿಡಿದು ಆಫೀಸಿನ ಸಾಹೇಬರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಹಬ್ಬಕ್ಕ ಊರಿಗೆ ಹೋಗಲಿಲ್ಲೇನ್ರಿ?"

ಈ ಪ್ರಶ್ನೆಗೆ ಉತ್ತರವಿಲ್ಲದ ಹೆಣ್ಣುಮಕ್ಕಳು ನಮ್ಮ ಸುತ್ತ ಬಹಳ ಜನ ಇದ್ದಾರೆ. ಜಾತಿ ಬಿಟ್ಟು ಮದುವೆಯಾದವರು, ಗಂಡನ ಮನೆ ಬಿಟ್ಟು ಬಂದದ್ದನ್ನು ತವರು ಒಪ್ಪದೆ ಹೋದವರು, ಮದುವೆಯೇ ಬೇಡ ಎಂದವರು. ನಾನು ಇಲ್ಲಿ ಹೇಳುವುದು ಇನ್ನೊಂದು ಬಗೆಯವಳ ಕಥೆ, ಯಾಕೆಂದರೆ ಈಚಿನ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ನಾನು ಹೆಚ್ಚು ಕೇಳುತ್ತಿರುವುದು ಅದನ್ನೇ. ಅವಳು ಹೊಲದಲ್ಲಿ ತನ್ನ ಪಾಲು ಕೇಳಿದವಳು.

ಕಾನೂನು ಅವಳ ಕಡೆಗೇ ಇದೆ. ಕರ್ನಾಟಕ 1994ರಲ್ಲೇ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ತಿದ್ದುಪಡಿ ತಂದಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆ ಹೊತ್ತಿಗೆ ಬದುಕಿರಲಿ, ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಊರಿನ ಕಾನೂನು ಬೇರೆ. ಅಪ್ಪ ತೀರಿಕೊಂಡ ಮೇಲೆ ಹಕ್ಕು ಬಿಡುಗಡೆ ಪತ್ರ ತಯಾರಾಗುತ್ತದೆ, ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ಸಹಿ ಮಾಡಿಸುತ್ತಾರೆ, ಸೀರೆ ಉಡಿಸಿ ಕಳಿಸುತ್ತಾರೆ. ಸಹಿ ಮಾಡಿದವಳಿಗೆ ತವರು ಉಳಿಯುತ್ತದೆ. ಮಾಡದವಳಿಗೆ ಬಾಗಿಲು ಮುಚ್ಚುತ್ತದೆ, ಮತ್ತು ಬಾಗಿಲು ಮುಚ್ಚಿದ್ದು ಅವಳಿಗೆ ಮೊದಲು ಖಚಿತವಾಗುವುದು ಬರುವ ಪಂಚಮಿಗೆ.

ನನ್ನ ಗೆಳತಿಯೊಬ್ಬಳು ಹಾಗೆ ಸಹಿ ಮಾಡದವಳು. ಎರಿ ಹೊಲದ ತನ್ನ ಭಾಗ ತನಗೆ ಬೇಕು ಎಂದಳು, ಅಷ್ಟೆ. ಅದನ್ನು ಯೋಚಿಸಿ, ಲೆಕ್ಕ ಹಾಕಿ, ಏನಾಗಬಹುದೆಂದು ಬಲ್ಲವಳಾಗಿಯೇ ಹೇಳಿದಳು. ಇಂಥವಳನ್ನು ಹಬ್ಬಕ್ಕೆ ಕರೆಯುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಸಂಗತಿ ಇದೇ: ಅವಳು ಕಳೆದುಕೊಂಡವಳಷ್ಟೇ ಅಲ್ಲ, ಒಂದು ನಿರ್ಧಾರ ಮಾಡಿದವಳು. "ಪಾಪ" ಅಂದಕೂಡಲೇ ಆ ನಿರ್ಧಾರ ನಮ್ಮ ಕಣ್ಣಿಂದ ಮರೆಯಾಗುತ್ತದೆ. ಉಳಿಯುವುದು ದಿಕ್ಕಿಲ್ಲದ ಒಬ್ಬ ಹೆಂಗಸು ಮಾತ್ರ. ಅವಳಿಗೆ ಸಿಟ್ಟು ಬರುವುದು ಅದಕ್ಕೇ.

ಕರೆಯುವವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಸಾಮಾನ್ಯವಾಗಿ ಕೈಗೆ ಬರುವ ಸಂದೇಶ ಹೀಗಿರುತ್ತದೆ:

"ಈ ಸಲನೂ ತವರಿಗೆ ಹೋಗಂಗಿಲ್ಲಲ್ಲವಾ ನೀನು. ಹಬ್ಬದಾಗ ಒಬ್ಬಾಕಿನ ಏನ್ ಕುಂಡರತಿ, ನಮ್ಮನಿಗೆ ಬಂದಬಿಡು. ನಮ್ಮನಿನ ನಿನ್ನ ತವರಮನಿ ಅಂತ ತಿಳ್ಕೋ. ಎಲ್ಲಾ ಸರಿ ಆಗತೈತಿ, ದೇವರ ಅದಾನ."

ಒಂದೊಂದೇ ವಾಕ್ಯ ನೋಡೋಣ. ಮೊದಲನೆಯದು ಅವಳಿಗೆ ಬಾರದ ಕರೆಯನ್ನು ನೆನಪಿಸಿಯೇ ನಮ್ಮ ಕರೆಯನ್ನು ಶುರುಮಾಡುತ್ತದೆ. ಎರಡನೆಯದು, ಅವಳು ಒಬ್ಬಳೇ ಕೂತಿರುತ್ತಾಳೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ ಎಂದು ಹೇಳುತ್ತದೆ. ಅವಳಿಗೆ ಬೇರೆ ಯೋಜನೆ ಇದ್ದಿರಬಹುದು, ಇಡೀ ದಿನ ಮಲಗಿ ಒಂದು ಪುಸ್ತಕ ಓದುವುದೇ ಆ ಯೋಜನೆಯಾಗಿರಬಹುದು. ಮೂರನೆಯ ವಾಕ್ಯವನ್ನು ಬಹಳ ಜನ ಪ್ರೀತಿಯಿಂದಲೇ ಬರೆಯುತ್ತಾರೆ, ಆದರೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಅದೇ. ಅವಳಿಗೆ ತವರು ಇದೆ. ಅಲ್ಲಿ ಅವ್ವ ಇದ್ದಾಳೆ, ಹುಣಸೆ ಮರದ ಜೋಕಾಲಿ ಇದೆ, ಅವಳ ಪಾಲಿನ ಹೊಲವೂ ಇದೆ. ಅದರ ಜಾಗಕ್ಕೆ ನಮ್ಮ ಎರಡು ಖೋಲಿಯ ಮನೆಯನ್ನು ಇಟ್ಟುಕೋ ಎಂದರೆ ಅದು ಮುಗಿದುಹೋದ ಮಾತು ಎಂದು ನಾವೂ ಒಪ್ಪಿಕೊಂಡಂತಾಗುತ್ತದೆ. ಕೊನೆಯ ವಾಕ್ಯಕ್ಕೆ ಅವಳು ಏನು ಉತ್ತರ ಕೊಡಬೇಕು? ಎಲ್ಲ ಸರಿಯಾಗುವುದೆಂದರೆ ಅವಳು ಸಹಿ ಮಾಡುವುದೋ, ಅಣ್ಣಂದಿರು ಪಾಲು ಕೊಡುವುದೋ?

ಇನ್ನೊಂದು ತುದಿಯಲ್ಲಿ ಫಾರ್ವರ್ಡ್ ಸಂದೇಶವಿದೆ. ಹೆಡೆ ಎತ್ತಿದ ನಾಗಪ್ಪ, ಕೆಳಗೆ "ತಮಗೂ ತಮ್ಮ ಕುಟುಂಬ ವರ್ಗದವರಿಗೂ ನಾಗರ ಪಂಚಮಿಯ ಹಾರ್ದಿಕ ಶುಭಾಶಯಗಳು". ಬೇರೆಯವರಿಗೆ ಇದು ಕಣ್ಣಿಗೂ ಬೀಳದೆ ಹೋಗುವ ಸಾಲು. ಕುಟುಂಬದಿಂದ ದೂರವಾದವಳು ಮಾತ್ರ ಆ "ಕುಟುಂಬ ವರ್ಗದವರಿಗೂ" ಎಂಬಲ್ಲಿ ನಿಲ್ಲುತ್ತಾಳೆ. ಅಂಥವಳಿಗೆ ಹಬ್ಬದ ಶುಭಾಶಯವನ್ನು ಕೈಯಾರೆ ಬರೆಯಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಏನು ಬರೆಯುವುದು? ನಾನು ಅವಳಿಗೆ ಬರೆದದ್ದನ್ನು ಇಲ್ಲಿ ಕೊಡುತ್ತೇನೆ:

"ಪಂಚಮಿ ಬಂತ ನೋಡು. ರೊಟ್ಟಿ ಹಬ್ಬದ ದಿನ ಮಧ್ಯಾಹ್ನ ಒಂದಕ್ಕ ನಮ್ಮನ್ಯಾಗ ಊಟ. ನಾವು ನಾಕ ಮಂದಿ, ಮ್ಯಾಲಿನ ಮನಿ ಅಜ್ಜಿ, ಮತ್ತ ನೀನು. ಅದರ ಹಿಂದಿನ ದಿನ ಸಂಜಿಮುಂದ ಶೇಂಗಾ ಉಂಡಿ ಕಟ್ಟತೀನಿ. ಪಾಕ ಹಿಡಿಯೂದು ನನಗಿಂತ ನಿನಗ ಚೊಲೋ ಬರತೈತಿ, ಆದ್ರ ಆರಕ್ಕ ಬಾ. ಬರಾಕ ಆಗಲಿಲ್ಲಂದ್ರ ಇಲ್ಲ ಅಂತ ಒಂದ್ ಮಾತ ಹಾಕು ಸಾಕು, ಕಾರಣ ಬ್ಯಾಡ. ಮುಂದಿನ ರವಿವಾರ ಹೆಂಗಿದ್ರೂ ಸಿಗೂಣು."

ಇದರಲ್ಲಿ ತವರಿನ ಮಾತಿಲ್ಲ, ಅಣ್ಣಂದಿರ ಮಾತಿಲ್ಲ, ಒಂಟಿತನದ ಮಾತಿಲ್ಲ. ಅವಳಿಗೆ ಅವೆಲ್ಲ ಗೊತ್ತು, ನನಗೆ ಗೊತ್ತಿದೆ ಎಂಬುದೂ ಅವಳಿಗೆ ಗೊತ್ತು. ಅದರ ಬದಲು ದಿನ ಇದೆ, ಗಂಟೆ ಇದೆ, ಊಟಕ್ಕೆ ಯಾರ‍್ಯಾರು ಕೂಡುತ್ತಾರೆಂಬ ಲೆಕ್ಕ ಇದೆ. "ಯಾವಾಗ ಬೇಕಾದರೂ ಬಾ" ಎನ್ನುವುದು ಕೇಳಲು ಉದಾರ, ಆದರೆ ಅದನ್ನು ನಂಬಿ ಯಾರೂ ಹೊರಡುವುದಿಲ್ಲ. ತಾನು ಹೋದಾಗ ಅವರ ಊಟ ಆಗಿರುತ್ತದೋ, ನೆಂಟರು ತುಂಬಿರುತ್ತಾರೋ ಎಂದು ಯೋಚಿಸಿ ಮನೆಯಲ್ಲೇ ಉಳಿಯುತ್ತಾರೆ. ಊಟಕ್ಕೆ ಯಾರಿರುತ್ತಾರೆ ಎಂದು ಮೊದಲೇ ಹೇಳುವುದಂತೂ ಇಂಥವರ ವಿಷಯದಲ್ಲಿ ತೀರ ಅಗತ್ಯ. ನಮ್ಮ ಮನೆಗೆ ಬರುವ ನೆಂಟರಲ್ಲಿ ಒಬ್ಬರು ಅವಳ ಊರಿನ ಸಂಬಂಧಿಕರಾಗಿದ್ದರೆ ಏನು ಗತಿ? ನಮ್ಮ ಕಡೆ ಎರಡು ಹೆಜ್ಜೆಗೆ ಒಂದು ಬೀಗತನ ಸಿಗುತ್ತದೆ.

ಇಲ್ಲ ಎನ್ನಲು ದಾರಿ ಬಿಟ್ಟದ್ದನ್ನೂ ಗಮನಿಸಿ. ಕರೆಗೆ ಇಲ್ಲ ಎನ್ನುವವಳು ಕಾರಣ ಕೊಡಬೇಕಾಗುತ್ತದೆ, ಮತ್ತು ಅವಳ ನಿಜವಾದ ಕಾರಣ "ಆ ದಿನ ಬೇರೆಯವರ ಮನೆಯ ಗದ್ದಲ ನೋಡಲು ನನಗಾಗದು" ಎಂಬುದಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಸುಳ್ಳು ಹೇಳಬೇಕು, ಇಲ್ಲವೇ ಬರಬೇಕು. ಎರಡೂ ಬೇಡ. ಒಮ್ಮೆ ಇಲ್ಲ ಎಂದರೆ ಮತ್ತೆ ಒತ್ತಾಯಿಸಬಾರದು. ನಮ್ಮಲ್ಲಿ ಮೂರು ಸಲ ಒತ್ತಾಯ ಮಾಡಿದರೇ ಕರೆ ಎಂಬ ರೂಢಿ ಇದೆ, ಬೇರೆಯವರಿಗೆ ಅದು ಸರಿಯೇ. ಇಲ್ಲಿ ಎರಡನೆಯ ಒತ್ತಾಯಕ್ಕೇ ಕನಿಕರದ ವಾಸನೆ ಬರುತ್ತದೆ.

ಕಳಿಸುವ ಹೊತ್ತೂ ಮುಖ್ಯ. ಅಮಾವಾಸ್ಯೆಗೆ ಮೂರ‍್ನಾಲ್ಕು ದಿನ ಇರುವಾಗಲೇ ಕಳಿಸಬೇಕು. ಅಮಾವಾಸ್ಯೆ ದಾಟಿದ ಮೇಲೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಾರೆ. ಆಗ ಬಂದ ಕರೆಯನ್ನು ಅವಳು ಓದುವ ರೀತಿಯೇ ಬೇರೆ: "ನಾನು ಹೋಗಿಲ್ಲ ಅಂತ ನೋಡಿ ಕರದಾರ." ಅದಕ್ಕೂ ಮುಂಚೆ ಬಂದರೆ ಅದು ಎಲ್ಲರಿಗೂ ಬರುವಂಥ ಕರೆ.

ಇನ್ನು ಉಂಡಿಯ ಮಾತು. ನಾನು ಅವಳನ್ನು ಉಂಡಿ ಕಟ್ಟಲು ಕರೆದದ್ದು ನೆಪಕ್ಕಲ್ಲ. ಶೇಂಗಾ ಉಂಡಿ ಒಬ್ಬರ ಕೆಲಸವೇ ಅಲ್ಲ. ಶೇಂಗಾ ಹುರಿದು, ಸಿಪ್ಪೆ ಉಜ್ಜಿ ಕೇರಿ, ಒಡೆದು ಇಟ್ಟುಕೊಳ್ಳುವವರೆಗೆ ಒಬ್ಬರೇ ಮಾಡಬಹುದು. ಬೆಲ್ಲದ ಪಾಕ ಒಲೆಯ ಮೇಲೆ ಬಂದ ಮೇಲೆ ಕಥೆ ಬೇರೆ. ಪಾಕದ ಒಂದು ಹನಿಯನ್ನು ತಟ್ಟೆಯ ನೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಅದು ಮೆತ್ತಗೆ ಉಂಡೆಯಾಗಬೇಕು. ನೀರಲ್ಲಿ ಕರಗಿ ಹರಡಿದರೆ ಇನ್ನೂ ಎಳೆಯದು, ಉಂಡಿ ನಿಲ್ಲದೆ ಉದುರುತ್ತದೆ. ತಟ್ಟೆಗೆ ಬಡಿದಾಗ ಟಣ್ ಎಂದರೆ ಮೀರಿತು, ಮರುದಿನ ಅಜ್ಜಿಯರ ಹಲ್ಲಿಗೆ ಕಂಟಕ. ಹದ ಬಂದ ಗಳಿಗೆಯಲ್ಲೇ ಒಲೆಯಿಂದ ಇಳಿಸಿ ಶೇಂಗಾ ಸುರಿದು ತಿರುವಬೇಕು, ಕೈಗೆ ತುಪ್ಪ ಸವರಿಕೊಂಡು ಬಿಸಿ ಇರುವಾಗಲೇ ಕಟ್ಟಬೇಕು. ತಣ್ಣಗಾದರೆ ಇಡೀ ಪಾತೇಲಿ ಒಂದೇ ಗಟ್ಟಿಯಾಗಿ ಕೂಡುತ್ತದೆ. ಆ ಕೆಲವು ನಿಮಿಷಗಳಲ್ಲಿ ನಾಲ್ಕು ಕೈ ಇದ್ದರೇ ಚೆನ್ನ. ಅವಳಿಗೆ ಅದು ಗೊತ್ತು. ನನ್ನ ಕರೆಯಲ್ಲಿ ನನಗೂ ಒಂದು ಬೇಡಿಕೆ ಇದೆ ಎಂಬುದನ್ನು ಅವಳು ಓದಿದ ಕೂಡಲೇ ಹಿಡಿದಳು. "ಏಲಕ್ಕಿ ನಾ ತರತೀನಿ, ನಿನ್ನ ಮನ್ಯಾಗಿಂದು ಹಳೇದ ಇರತೈತಿ" ಎಂದು ಉತ್ತರ ಬಂತು. ಕನಿಕರ ಪಡೆದವರು ಹೀಗೆ ಬೈಯುವುದಿಲ್ಲ.

ಕೇಳುವ ಕೆಲಸ ನಿಜವಾದದ್ದಾಗಿರಬೇಕು, ಅವಳ ಕೈಗೆ ಬರುವಂಥದ್ದಾಗಿರಬೇಕು ಎನ್ನುವುದು ಇದಕ್ಕೇ. ಅಡುಗೆ ಬಾರದವಳಿಗೆ ಉಂಡಿ ಕಟ್ಟಲು ಹೇಳಿದರೆ ಅದು ಆಟವಾಗುತ್ತದೆ. ಅಂಥವಳಿಗೆ ಜೋಕಾಲಿಯ ಹಗ್ಗ ಕಟ್ಟಿಸುವುದಿದೆ, ಮಕ್ಕಳನ್ನು ಹುತ್ತದ ಕಡೆ ಕರೆದುಕೊಂಡು ಹೋಗುವುದಿದೆ. ಕೆಲಸ ಮಾಡುತ್ತಿರುವಾಗ ಮುಖ ನೋಡಿಕೊಂಡು ಮಾತಾಡಬೇಕಿಲ್ಲ ಎಂಬ ಲಾಭವೂ ಇದೆ. ಮಾತಾಡಬೇಕೆನಿಸಿದರೆ ಅವಳೇ ಆಡುತ್ತಾಳೆ, ಕಣ್ಣು ಪಾಕದ ಮೇಲಿರುತ್ತದೆ.

ಅವಳು ಬರುವ ಮೊದಲು ಮನೆಯವರಿಗೆ ಹೇಳಿಡಬೇಕು. ಇದನ್ನು ಮರೆತರೆ ಎಷ್ಟು ಚೆನ್ನಾಗಿ ಬರೆದ ಸಂದೇಶವೂ ದಂಡ. ಎಲ್ಲರಿಗೂ ಕಥೆ ಹೇಳಬೇಕಾಗಿಲ್ಲ, ಅದು ಅವಳ ಕಥೆ. ಮೇಲಿನ ಮನೆಯ ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: "ಆಯಿ, ನನ್ನ ಗೆಳತಿ ಬರತಾಳ್ರಿ, ತವರಿನ ಸುದ್ದಿ ಅಷ್ಟ ಕೇಳಬ್ಯಾಡ್ರಿ." ಅಜ್ಜಿ "ಆತೇಳವಾ" ಅಂದರು. ಊಟದ ಹೊತ್ತಿಗೆ ಅವಳ ಮುಂದೆ ಪುಂಡಿ ಪಲ್ಯ ಬಡಿಸುತ್ತ, ತಮ್ಮ ಕಾಲದಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿ ಗಂಡಸರು ಹೇಗೆ ಎಂಟಾಣೆ ಕಳೆದುಕೊಳ್ಳುತ್ತಿದ್ದರೆಂದು ಹೇಳಿ ನಗಿಸಿದರು.

ಊಟದ ದಿನಕ್ಕೆ ರೊಟ್ಟಿ ಹಬ್ಬವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಪಂಚಮಿಯ ದಿನ ಬಹಳ ಮನೆಗಳಲ್ಲಿ ಹೆಂಚು ಇಡುವುದಿಲ್ಲ, ಕರಿಯುವುದಿಲ್ಲ, ಹೆಚ್ಚುವುದಿಲ್ಲ. ಕುದಿಸಿದ ಕಡುಬಿನ ಊಟ, ಹಾಲು ಎರೆಯುವ ಮಡಿ, ಪೂಜೆ. ಅದು ಮನೆಯವರ ದಿನ. ಅದಕ್ಕೂ ಮುಂಚಿನ ರೊಟ್ಟಿ ಹಬ್ಬ ಓಣಿಯ ದಿನ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಟಿ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳು, ಗುರೆಳ್ಳು ಚಟ್ನಿ, ಮೊಸರು ಎಲ್ಲ ಮಾಡಿ ಮನೆಮನೆಗೆ ಬೀರುತ್ತಾರೆ. ಆ ದಿನ ಯಾರ ರೊಟ್ಟಿ ಯಾರ ತಾಟಿನಲ್ಲಿದೆ ಎಂಬ ಲೆಕ್ಕವೇ ಇರುವುದಿಲ್ಲ. ಹೊರಗಿನವಳು ಎಂಬ ಭಾವನೆಗೆ ಅಲ್ಲಿ ಜಾಗ ಕಡಿಮೆ. ಊರು, ಮನೆತನ ನೋಡಿ ಈ ದಿನಗಳು ಹಿಂದುಮುಂದಾಗುತ್ತವೆ, ನಿಮ್ಮ ಮನೆಯ ಪದ್ಧತಿ ನೋಡಿ ಆರಿಸಿಕೊಳ್ಳಿ.

ಇಷ್ಟಾದರೂ ಹಬ್ಬದ ಎರಡು ಗಳಿಗೆಗಳಿಂದ ತಪ್ಪಿಸಿಕೊಳ್ಳಲಾಗದು. ಮೊದಲನೆಯದು ಹಾಲು ಎರೆಯುವುದು. ನಮ್ಮಲ್ಲಿ ನಾಗಪ್ಪನಿಗೆ ಹಾಲು ಎರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ ಬಿಡುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಹೀಗೆ. ಅವಳು ಮರುದಿನವೂ ಬಂದಿದ್ದಳು, ತಾನಾಗಿಯೇ. ಕೊಬ್ಬರಿ ಬಟ್ಟಲಲ್ಲಿ ಹಾಲು ತೆಗೆದುಕೊಂಡು, ಸಣ್ಣ ದನಿಯಲ್ಲಿ ಅವ್ವನಿಂದ ಶುರುಮಾಡಿ, ಇಬ್ಬರು ಅಣ್ಣಂದಿರ ಹೆಸರನ್ನೂ ಹೇಳಿ ಎರೆದಳು. ಕೋರ್ಟಿನಲ್ಲಿ ತನ್ನ ಎದುರು ನಿಂತವರ ಹೆಸರು ಅವು. ಇಂಥ ಹೊತ್ತಿನಲ್ಲಿ ಹಿಂದೆ ನಿಂತವರು ಲೊಚಗುಟ್ಟಬಾರದು, ಬೆನ್ನು ಸವರಬಾರದು, "ನಿನ್ನ ಮನಸ್ಸು ದೊಡ್ಡದವಾ" ಎನ್ನಬಾರದು. ಅಣ್ಣಂದಿರ ಹೆಸರು ಬಿಟ್ಟಿದ್ದರೂ ಹಾಗೇ ಸುಮ್ಮನಿರಬೇಕಿತ್ತು. ನಾನು ನನ್ನ ಸರದಿ ಬಂದಾಗ ಹೋಗಿ ನಮ್ಮ ಮನೆಯವರ ಹೆಸರು ಹೇಳಿದೆ.

ಎರಡನೆಯದು ಉಡಿ. ಹಬ್ಬಕ್ಕೆ ಬಂದ ಹೆಣ್ಣುಮಗಳಿಗೆ ಹೊರಡುವಾಗ ಅಕ್ಕಿ, ಕೊಬ್ಬರಿ, ಅರಿಶಿನ ಬೇರು, ಅಡಿಕೆ, ಕುಪ್ಪಸದ ಖಣ ಹಾಕಿ ಉಡಿ ತುಂಬುವುದು ತವರಿನವರು ಮಾಡುವ ಕೆಲಸ, ಹಾಗೆಯೇ ಯಾವ ಮನೆಯವರಾದರೂ ಮಾಡುವ ಕೆಲಸ. ಅವಳಿಗೆ ಮಾಡಬೇಕೋ ಬೇಡವೋ? ನನ್ನ ಉತ್ತರ: ಆ ದಿನ ಮನೆಗೆ ಬಂದ ಎಲ್ಲ ಹೆಣ್ಣುಮಕ್ಕಳಿಗೂ ಮಾಡುವುದಾದರೆ ಅವಳಿಗೂ ಮಾಡಿ, ಅದೇ ಬೆಲೆಯ ಖಣ ಹಾಕಿ. ಅವಳೊಬ್ಬಳಿಗೇ ಮಾಡುವುದಾದರೆ ಬೇಡ. ಉಳಿದವರಿಗೆ ಖಣ ಕೊಟ್ಟು ಅವಳಿಗೆ ಮಾತ್ರ ಇಳಕಲ್ ಸೀರೆ ತೆಗೆದರೆ ನಾವು ಅವಳ ಅಣ್ಣಂದಿರ ಜಾಗದಲ್ಲಿ ನಿಂತಂತೆ. ಆ ಜಾಗವನ್ನು ಅವಳು ನಮಗೆ ಕೊಟ್ಟಿಲ್ಲ. ಗಂಡ ತೀರಿಕೊಂಡವಳು, ಮದುವೆಯಾಗದವಳು ಎಂದು ಉಡಿಯನ್ನು ಕೆಲವರಿಗೆ ತಪ್ಪಿಸುವ ರೂಢಿಯೂ ಇದೆ. ಅದನ್ನು ಬಿಟ್ಟುಬಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬಳನ್ನು ಹೊರಗಿಡದಿರಲೆಂದು ಕರೆದ ಮನೆಯಲ್ಲಿ ಇನ್ನೊಬ್ಬಳನ್ನು ಹೊರಗಿಡುವುದು ಹೇಗೆ?

ಎಲ್ಲವೂ ಸರಿಹೋಗುತ್ತಿಲ್ಲ ಎಂಬುದು ತಿಳಿಯುವ ಗುರುತುಗಳಿವೆ. ಊಟಕ್ಕೆ ಬಂದವಳು ಕೈತುಂಬ ಸಾಮಾನು ತಂದರೆ, ಮಕ್ಕಳಿಗೆಲ್ಲ ಅರಿವೆ, ಮನೆಗೆ ಎರಡು ಕಿಲೋ ಪೇಢೆ ಹೀಗೆ, ಅವಳು ಊಟದ ಋಣವನ್ನು ಮೊದಲೇ ತೀರಿಸುತ್ತಿದ್ದಾಳೆ ಎಂದರ್ಥ. ಉಂಡ ಕೂಡಲೇ ಎದ್ದು ಇಡೀ ಬಚ್ಚಲಿನ ಪಾತ್ರೆ ತಿಕ್ಕಲು ಕೂತರೂ ಅದೇ ಅರ್ಥ. ಬೇಡವೆಂದು ಕೈಹಿಡಿದು ಎಬ್ಬಿಸಿದರೆ ಅವಳಿಗೆ ಇನ್ನೂ ಸಂಕೋಚ. ಪಕ್ಕದಲ್ಲಿ ಕೂತು ಅರ್ಧ ಪಾತ್ರೆ ನಾವು ತಿಕ್ಕಬೇಕು, ಪೇಢೆಯನ್ನು ಆಗಲೇ ಒಡೆದು ಎಲ್ಲರಿಗೂ ಹಂಚಬೇಕು. ಆದರೆ ನಿಜವಾದ ಪರಿಹಾರ ಆ ದಿನ ಸಿಗುವುದಿಲ್ಲ, ಮುಂದೆ ಅವಳು ಕರೆದಾಗ ಸಿಗುತ್ತದೆ. ಶ್ರಾವಣ ಸೋಮವಾರಕ್ಕೋ ಗಣಪತಿ ಹಬ್ಬಕ್ಕೋ ಅವಳು ಊಟಕ್ಕೆ ಕರೆದರೆ, "ನೀ ಒಬ್ಬಾಕಿನ, ಯಾಕ ತ್ರಾಸ ತಗೋತಿ" ಎನ್ನದೆ ಮನೆಮಂದಿಯೆಲ್ಲ ಹೋಗಬೇಕು. ಹೊಟ್ಟೆತುಂಬ ಉಣ್ಣಬೇಕು, ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಳ್ಳಬೇಕು. ಬರೀ ಕರೆಯುತ್ತ, ಕರೆಸಿಕೊಳ್ಳದೆ ಇದ್ದರೆ ನಮ್ಮ ಮನೆ ಅವಳಿಗೆ ಬೇಗ ಭಾರವಾಗುತ್ತದೆ.

ಅವಳು ಬರುವುದಿಲ್ಲ ಎಂದರೆ? ರೊಟ್ಟಿ ಬೀರುವ ಪದ್ಧತಿ ಇಲ್ಲಿ ನಮ್ಮ ಸಹಾಯಕ್ಕಿದೆ. ಓಣಿಯ ಹತ್ತು ಮನೆಗೆ ಹೋಗುವ ರೊಟ್ಟಿ, ಪಲ್ಯ, ಎರಡು ಉಂಡಿ ಅವಳ ಮನೆಗೂ ಹೋಗಲಿ. ಹತ್ತರಲ್ಲಿ ಅದು ಹನ್ನೊಂದನೆಯದು, ವಿಶೇಷವೇನಿಲ್ಲ. ಬಾಗಿಲಲ್ಲೇ ಕೊಟ್ಟು ಬರಬೇಕು, ಒಳಗೆ ಹೋಗಿ ಕೂತು ಅವಳು ಹೇಗಿದ್ದಾಳೆಂದು ನೋಡುವ ಕೆಲಸ ಬೇಡ. ಡಬ್ಬಿ ಖಾಲಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ರೂಢಿ. ಒಂದು ವಾರಕ್ಕೆ ಅದರಲ್ಲಿ ಏನಾದರೂ ತುಂಬಿ ಬರುತ್ತದೆ.

ಗಂಡುಮಕ್ಕಳ ಮಾತು ಸ್ವಲ್ಪ ಬೇರೆ. ಮನೆ ಬಿಟ್ಟು ಬಂದ ಹುಡುಗನಿಗೆ ಪಂಚಮಿಯಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ, ಹಾಗಾಗಿ ಯಾರೂ ಕರೆಯುವುದೂ ಇಲ್ಲ. ಬೆಂಗಳೂರಿನ ಪೀಜಿಯೊಂದರಲ್ಲಿ ಅವನು ಆ ದಿನ ಆಫೀಸಿನಲ್ಲೇ ಉಳಿದಿರುತ್ತಾನೆ. ಅವನಿಗೂ ಇದೇ ಸಂದೇಶ ಸಾಕು: ದಿನ, ಗಂಟೆ, ಯಾರಿರುತ್ತಾರೆ, ಏನು ತರಬೇಕು.

ಮಧ್ಯಸ್ಥಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಊಟದ ಮಧ್ಯೆ ಯಾರಾದರೂ ಹಿರಿಯರು "ನಾ ಬೇಕಾದ್ರ ನಿಮ್ಮಣ್ಣನ ಕೂಡ ಮಾತಾಡತೀನಿ" ಎನ್ನುವುದುಂಟು. ಆಸ್ತಿಯ ವ್ಯಾಜ್ಯ ನಡೆಯುತ್ತಿರುವಾಗ ಇಂಥ ಮಾತು ಹಬ್ಬದ ಊಟವನ್ನು ಪಂಚಾಯ್ತಿ ಕಟ್ಟೆ ಮಾಡಿಬಿಡುತ್ತದೆ. ಹಬ್ಬದ ಭಾವುಕತೆಯಲ್ಲಿ ಒಪ್ಪಿಕೊಂಡ ರಾಜಿಗೆ ಸಹಿ ಹಾಕಿ ಆಮೇಲೆ ಪರಿತಪಿಸುವ ಹೆಣ್ಣುಮಕ್ಕಳಿದ್ದಾರೆ. ಅವಳು ಕೇಳಿದರೆ ಒಳ್ಳೆಯ ವಕೀಲರನ್ನು ತೋರಿಸಬಹುದು, ಅದೂ ಹಬ್ಬ ಮುಗಿದ ಮೇಲೆ.

ಇನ್ನೊಂದು ವರ್ಷ ಬೇರೆ ಥರದ ಫೋನೂ ಬರಬಹುದು. ಅಮಾವಾಸ್ಯೆಯ ಮರುದಿನ, "ಅವ್ವ ಕರದಾಳ, ತಮ್ಮ ಬಂದಾನ, ನಾ ಊರಿಗೆ ಹೊಂಟೀನಿ" ಎಂದು. ಅಷ್ಟು ಹೊತ್ತಿಗೆ ನಾವು ಶೇಂಗಾ ಹುರಿದು ಕೂತಿರುತ್ತೇವೆ. ಆಗ ಹೇಳಬೇಕಾದದ್ದು "ಹೋಗಿ ಬಾರವಾ" ಎಂದಷ್ಟೇ. ಅಂತೂ ಸರಿಹೋಯಿತಲ್ಲ ಎಂದು ನಾವು ಮೊದಲು ಸಂಭ್ರಮಿಸಬಾರದು. ಹೋದ ಮೇಲೆ ಅಲ್ಲಿ ಜೋಕಾಲಿಯೇ ಕಾದಿರುತ್ತದೋ ಮತ್ತೊಂದು ಬಿಡುಗಡೆ ಪತ್ರವೋ ಯಾರಿಗೆ ಗೊತ್ತು. ತಿರುಗಿ ಬಂದವಳನ್ನು ಏನಾಯಿತೆಂದು ಕೇಳದೆ, ರವಿವಾರ ಎಂದಿನಂತೆ ಸಿಗಬೇಕು. ಮತ್ತು ಮುಂದಿನ ವರ್ಷ, ಅವಳು ಊರಿಗೆ ಹೋಗುತ್ತಾಳೋ ಇಲ್ಲವೋ ಎಂದು ವಿಚಾರಿಸದೆ, ಅಮಾವಾಸ್ಯೆಗೆ ಮೂರ‍್ನಾಲ್ಕು ದಿನ ಇರುವಾಗ ಅದೇ ಸಂದೇಶವನ್ನು ಮತ್ತೆ ಕಳಿಸಬೇಕು.